ಸಮ್ಮರ್ ಕೋರ್ಸ್: ಕಮ್ಯೂನಿಟಿ ಕಾಲೇಜಿನಲ್ಲೋ, ಸ್ವಂತ ಯೂನಿವರ್ಸಿಟಿಯಲ್ಲೋ?

ಅಮೆರಿಕದಲ್ಲಿ ಓದುತ್ತಿರುವ ಮಗಳು 4 ಕ್ರೆಡಿಟ್‌ನ ಕೆಮಿಸ್ಟ್ರಿಯನ್ನು ಎಲ್ಲಿ ಮಾಡಲಿ ಅಂತ ಕೇಳಿದ್ದೀರಿ. ಖರ್ಚು ನೋಡಿದರೆ ಕಮ್ಯೂನಿಟಿ ಕಾಲೇಜೇ ಸಾಮಾನ್ಯವಾಗಿ ಅಗ್ಗ. ಆದರೆ ಬಹುತೇಕ ಯೂನಿವರ್ಸಿಟಿಗಳು ಅಲ್ಲಿಂದ ಬಂದ ಕ್ರೆಡಿಟ್ಟನ್ನು ಡಿಗ್ರಿಗೆ ಸೇರಿಸಿಕೊಳ್ಳುತ್ತವೆ, ಗ್ರೇಡನ್ನು ಜಿಪಿಎಗೆ ಸೇರಿಸುವುದಿಲ್ಲ.

ಈಗ 60 ಕ್ರೆಡಿಟ್, ಜಿಪಿಎ 3.4 ಇದೆ ಅಂದುಕೊಳ್ಳಿ. ಸ್ವಂತ ಯೂನಿವರ್ಸಿಟಿಯಲ್ಲಿ ಎ ಬಂದರೆ 3.44, ಸಿ ಬಂದರೆ 3.31. ಹೊರಗೆ ಮಾಡಿದರೆ ಎರಡಕ್ಕೂ 3.4 ಹಾಗೇ ಇರುತ್ತದೆ. ಕಷ್ಟದ ವಿಷಯ, ಸಿ ಬರುವ ಭಯ ಅಂದರೆ ಹೊರಗಿನದು ವಾಸಿ. ಸಿಗಿಂತ ಕಡಿಮೆ ಬಂದರೆ ಮಾತ್ರ ಕ್ರೆಡಿಟ್ಟೂ ಸಾಮಾನ್ಯವಾಗಿ ಸಿಗುವುದಿಲ್ಲ.

ಜಿಪಿಎ 1.9ಕ್ಕೆ ಇಳಿದು ಪ್ರೊಬೇಶನ್‌ನಲ್ಲಿದ್ದರೆ, ಅಂದರೆ ಗ್ರೇಡು ಸುಧಾರಿಸು ಎಂಬ ಎಚ್ಚರಿಕೆ ಬಂದಿದ್ದರೆ, ಲೆಕ್ಕ ತಿರುಗುತ್ತದೆ. ಒಳಗಿನ ಒಂದು ಎ ಅದನ್ನು 2.03ಕ್ಕೆ ಎತ್ತುತ್ತದೆ. ಹೊರಗಿನ ಎ ಒಂದಿಷ್ಟೂ ಎತ್ತುವುದಿಲ್ಲ, ದುಡ್ಡು ಉಳಿಯುತ್ತೆ ಅಷ್ಟೇ. ಫೇಲಾದ ಕೋರ್ಸನ್ನು ಹೊರಗೆ ಮತ್ತೆ ಪಾಸು ಮಾಡಿದರೂ ಹಳೆಯ ಎಫ್ ಸಾಮಾನ್ಯವಾಗಿ ಅಲ್ಲೇ ಕೂತಿರುತ್ತದೆ.

ಮೆಡಿಕಲ್ ಓದುವ ಆಸೆ ಇದ್ದರೆ ಹೊರಗೆ ಮಾಡಿ ಸಿಯನ್ನು ಮುಚ್ಚಿಡುವ ಆಟ ನಡೆಯುವುದಿಲ್ಲ. ಅಲ್ಲಿನ ಅರ್ಜಿ ವ್ಯವಸ್ಥೆಯಾದ ಎಎಂಸಿಎಎಸ್ ಎಲ್ಲ ಕಾಲೇಜುಗಳ ಗ್ರೇಡುಗಳನ್ನೂ ತರಿಸಿಕೊಂಡು ತನ್ನದೇ ಜಿಪಿಎ ಕಟ್ಟುತ್ತದೆ. ಹೊರಗಿನ ಸಿ ಅಲ್ಲಿ ಮತ್ತೆ ಎದುರಾಗುತ್ತದೆ.

ಯಾವುದೇ ಆಗಲಿ, ಫೀಸು ಕಟ್ಟುವ ಮೊದಲು ಆ ಕೋರ್ಸ್ ಯಾವುದಕ್ಕೆ ಸಮ ಅಂತ ಅಡ್ವೈಸರ್ ಹತ್ತಿರ ಬರವಣಿಗೆಯಲ್ಲಿ ಪಡೆಯಲಿ. ಇಲ್ಲದಿದ್ದರೆ ಕೆಮಿಸ್ಟ್ರಿ ಬರೀ ಎಲೆಕ್ಟಿವ್ ಆಗಿ ಬಂದು ಕೂರಬಹುದು.