ಆರು ವರ್ಷ ಬಳಸಿದ ಸ್ಟೀಲ್ ಫಿಲ್ಟರ್: ಡಿಕಾಕ್ಷನ್, ಹಾಲು, ನೊರೆ

ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರದ ಒಂದು ಪಾತ್ರೆ ಅಂಗಡಿಯಲ್ಲಿ ಈ ಫಿಲ್ಟರ್ ತಗೊಂಡು ಆರು ವರ್ಷ ಆಯ್ತು. ಸ್ಟೀಲಿನದ್ದು. ಜೊತೆಗೆ ಅಂಚು ಮಡಚಿದ ಎರಡು ಲೋಟ, ಒಂದು ಬಟ್ಟಲು. ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ, ದಿನಾ ಬಳಸುತ್ತೇವೆ. ಮೆಷಿನ್ ಇಲ್ಲ, ನೊರೆ ಬರಿಸುವ ಕಡ್ಡಿಯೂ ಇಲ್ಲ.

ಮೊದಲು ತಕರಾರು ಹೇಳಿಬಿಡುತ್ತೇನೆ. ಡಬ್ಬದ ಮೇಲೆ ‘ಆರು ಕಪ್’ ಅಂತ ಬರೆದಿತ್ತು. ಇದರಲ್ಲಿ ಆರು ಕಾಫಿ ಆಗುವುದಿಲ್ಲ, ಮೂರು ಆಗುತ್ತದೆ. ಮೇಲಿನ ಪಾತ್ರೆಗೆ ತುಂಬಿದ ಮೂರು ದೊಡ್ಡ ಚಮಚ ಪುಡಿ, ಅಂದರೆ ಸುಮಾರು 30 ಗ್ರಾಂ ಹಾಕಿದ ಮೇಲೆ 150 ಎಂಎಲ್ ನೀರಿಗಷ್ಟೇ ಜಾಗ ಉಳಿಯುತ್ತದೆ. ಪುಡಿ ತನ್ನ ತೂಕದ ಎರಡರಷ್ಟು ನೀರು ಕುಡಿದು ಹಿಡಿದುಕೊಳ್ಳುತ್ತದೆ, ಅದು ಮತ್ತೆ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಕೈಗೆ ಸಿಗುವುದು 90 ಎಂಎಲ್ ಡಿಕಾಕ್ಷನ್. ಒಂದು ಲೋಟಕ್ಕೆ 30 ಎಂಎಲ್ ಅಂದರೆ ಮೂರೇ ಲೋಟ.

ಈ ಲೆಕ್ಕ ಗೊತ್ತಿಲ್ಲದೆ ಮೊದಲ ವರ್ಷ ಪೂರ್ತಿ ಕೆಟ್ಟ ಕಾಫಿ ಕುಡಿದೆವು. ಆರು ಕಪ್ ಬರಲಿ ಅಂತ ಅದೇ ಪುಡಿಗೆ ಎರಡನೇ ಸಲ ನೀರು ಹೊಯ್ದು, ಮೊದಲು ಇಳಿದಿದ್ದರ ಜೊತೆಗೇ ಬೆರೆಸಿಬಿಡುತ್ತಿದ್ದೆ. ತೆಳ್ಳಗಾಗುತ್ತಿತ್ತು. ತೆಳ್ಳಗಿದೆ ಅಂತ ಲೋಟಕ್ಕೆ 60 ಎಂಎಲ್ ಹಾಕುತ್ತಿದ್ದೆ. ಆಗ ಇನ್ನೊಂದು ತೊಂದರೆ ಶುರುವಾಯಿತು: ಕಾಫಿ ಬಿಸಿಯೇ ಇರುತ್ತಿರಲಿಲ್ಲ. ಕಾರಣ ತುಂಬಾ ಸರಳ. ಇಳಿದು ಕೂತ ಡಿಕಾಕ್ಷನ್ ಸುಮಾರು 30 ಡಿಗ್ರಿಯಲ್ಲಿರುತ್ತದೆ, ಉಕ್ಕಿ ಬಂದ ಹಾಲು 95ರ ಹತ್ತಿರ. 30 ಎಂಎಲ್ ಡಿಕಾಕ್ಷನ್‌ಗೆ 100 ಎಂಎಲ್ ಹಾಲು ಹಾಕಿದರೆ ಕಾಫಿ ಸುಮಾರು 80 ಡಿಗ್ರಿ. ಅದೇ 60 ಎಂಎಲ್ ಡಿಕಾಕ್ಷನ್‌ಗೆ 70 ಎಂಎಲ್ ಹಾಲು ಅಂದರೆ 65. ನಾಲ್ಕು ಸಲ ಎತ್ತಿ ಹೊಯ್ಯುವಷ್ಟರಲ್ಲಿ ಅದು ಉಗುರು ಬೆಚ್ಚಗಾಗಿಬಿಡುತ್ತದೆ. ಬಿಸಿ ಉಳಿಸಿಕೊಳ್ಳೋಣ ಅಂತ ಹೊಯ್ಯುವುದನ್ನು ಬಿಟ್ಟರೆ ನೊರೆ ಇಲ್ಲ. ಡಿಕಾಕ್ಷನ್ ಬಿಸಿ ಮಾಡಿದರೆ ಕಹಿ, ಜೊತೆಗೆ ಘಮವೂ ಹೋಗುತ್ತದೆ. ನೊರೆ ಬರ್ತಿಲ್ಲ ಅಂತ ಹಾಲನ್ನೂ ಕೈಯನ್ನೂ ಬೈಯುತ್ತಿದ್ದ ನಾನು ನೋಡಬೇಕಾಗಿದ್ದು ಡಿಕಾಕ್ಷನ್ನನ್ನು.

ಈಗ ಹೀಗೆ ಮಾಡುತ್ತೇನೆ. ಪುಡಿ ಹಾಕಿ, ಪಾತ್ರೆಯನ್ನು ಒಂದು ಸಲ ಮೆಲ್ಲಗೆ ಕುಟ್ಟಿ ಸಮ ಮಾಡಿ, ಒತ್ತುವ ಬಿಲ್ಲೆಯನ್ನು ಹಗುರವಾಗಿ ಒತ್ತಿ ಅಲ್ಲೇ ಬಿಡುತ್ತೇನೆ. ಕುದಿ ನಿಂತ ನೀರನ್ನು ಮೊದಲು ಎರಡು ಚಮಚ ಮಾತ್ರ ಹಾಕಿ ಅರ್ಧ ನಿಮಿಷ ಬಿಟ್ಟರೆ ಪುಡಿ ಉಬ್ಬಿ ಕೂರುತ್ತದೆ. ಆಮೇಲೆ ಉಳಿದ ನೀರನ್ನು ಸುತ್ತಲೂ ಹೊಯ್ದು ಮುಚ್ಚಳ ಹಾಕುವುದು. ಒಂದೊಂದೇ ಹನಿಯಾಗಿ ಇಳಿಯಬೇಕು. ನಮ್ಮದರಲ್ಲಿ ಪೂರ್ತಿ ಇಳಿಯಲು 20-25 ನಿಮಿಷ ಬೇಕು. ಐದೇ ನಿಮಿಷದಲ್ಲಿ ಇಳಿದುಹೋದರೆ ಪುಡಿ ದಪ್ಪ, ಇಲ್ಲವೇ ಒತ್ತಿದ್ದು ಸಾಲಲಿಲ್ಲ ಅಂತ ಅರ್ಥ. ಪುಡಿ ಚಿರೋಟಿ ರವೆಗಿಂತ ಸ್ವಲ್ಪ ನುಣ್ಣಗಿರಬೇಕು, ಮೈದಾ ಥರ ಆಗಬಾರದು.

ಕೆಲವು ದಿನ ಒಂದು ಹನಿಯೂ ಇಳಿಯುವುದಿಲ್ಲ. ಒಮ್ಮೆ ಹಾಸನದಿಂದ ದೊಡ್ಡಮ್ಮ ಬಂದಿದ್ದಾಗಲೇ ಹೀಗಾಯಿತು. ನಾನು ಬಿಲ್ಲೆ ತೆಗೆದು ಚಮಚದಲ್ಲಿ ಕಲಕಲು ಹೊರಟಿದ್ದೆ. “ಕಲಕಬೇಡ ಕಣೆ, ಗಸಿಯೆಲ್ಲ ಕೆಳಗೆ ಬರುತ್ತೆ” ಅಂದು ದೊಡ್ಡಮ್ಮ ಮೇಲಿನ ಪಾತ್ರೆಯನ್ನು ಒಂದು ಬೆರಳಿನಷ್ಟು ಎತ್ತಿ ಮತ್ತೆ ಕೂರಿಸಿದರು. ಅಷ್ಟೇ, ಟಪ್ ಟಪ್ ಅಂತ ಶುರುವಾಯಿತು. ಎರಡೂ ಪಾತ್ರೆ ಬಿಗಿಯಾಗಿ ಕೂತಾಗ ಕೆಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ, ಅದು ಹನಿಯನ್ನು ತಡೆಯುತ್ತದೆ. ಎತ್ತಿದರೂ ಇಳಿಯದಿದ್ದರೆ ತೂತು ಕಟ್ಟಿದೆ ಅಂತ. ತೊಳೆದು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ನಾನು ಎರಡು ತಿಂಗಳಿಗೊಮ್ಮೆ ಮೇಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ಒಂದು ನಿಮಿಷ ಕಾಯಿಸುತ್ತೇನೆ. ಕಟ್ಟಿದ ಪುಡಿ ಸುಟ್ಟು ಉದುರುತ್ತದೆ. ತಳ ಸ್ವಲ್ಪ ಕಪ್ಪಾಗಿದೆ, ಅದರಿಂದ ಏನೂ ತೊಂದರೆ ಆಗಿಲ್ಲ.

ಬಣ್ಣ ನೋಡಿ ಡಿಕಾಕ್ಷನ್ ಗಟ್ಟಿ ಅಂದುಕೊಳ್ಳಬೇಡಿ. ಚಿಕೋರಿ ಜಾಸ್ತಿ ಇರುವ ಪುಡಿ ಬೇಗ ಕಪ್ಪಗೆ, ಮಂದವಾಗಿ ಇಳಿಯುತ್ತದೆ. ಪ್ಯಾಕೆಟ್ ಮೇಲೆ ಎಷ್ಟು ಚಿಕೋರಿ ಅಂತ ಬರೆದಿರುತ್ತಾರೆ, 49 ಪರ್ಸೆಂಟ್‌ವರೆಗೂ ಬೆರೆಸಲು ನಿಯಮದಲ್ಲಿ ಅವಕಾಶ ಇದೆ. 60:40 ಪುಡಿ ನಾಲ್ಕು ತಿಂಗಳು ಬಳಸಿದೆ. ನೋಡಲು ಚೆನ್ನಾಗಿತ್ತು, ಹಾಲು ಬಿದ್ದ ಕೂಡಲೇ ಕಾಫಿ ಘಮ ಮಾಯ. ಈಗ 80:20ರಲ್ಲಿ ನಿಂತಿದ್ದೇನೆ, ಚಿಕ್ಕಮಗಳೂರಿನ ಪೀಬೆರಿ ಹುರಿಸಿ ಪುಡಿ ಮಾಡಿಸುತ್ತೇನೆ. ಪೂರ್ತಿ ಕಾಫಿ ಪುಡಿಯನ್ನೇ ಬಳಸುವವರು ಲೋಟಕ್ಕೆ 40 ಎಂಎಲ್ ಹಾಕಿ ನೋಡಿ, 30 ಎಂಎಲ್‌ಗೆ ನಮ್ಮ ನಾಲಿಗೆಗೆ ಸ್ವಲ್ಪ ಸಪ್ಪೆ ಅನಿಸಿತು.

ಇನ್ನು ನೊರೆ. ನಾನು ಮೊದಲು ಲೋಟ ತುಂಬಾ ಕಾಫಿ ಇಟ್ಟುಕೊಂಡು ಹೊಯ್ಯುತ್ತಿದ್ದೆ, ಅರ್ಧ ಒಲೆಯ ಮೇಲೆ. ಲೋಟ 200 ಎಂಎಲ್‌ದಾದರೆ ಕಾಫಿ 130 ಎಂಎಲ್ ಸಾಕು, ಉಳಿದದ್ದು ನೊರೆಗೆ ಜಾಗ. ಸಕ್ಕರೆ, ಅದರ ಮೇಲೆ ಡಿಕಾಕ್ಷನ್, ಆಮೇಲೆ ಆಗಷ್ಟೇ ಉಕ್ಕಿದ ಹಾಲು. ಹಾಲನ್ನು ಸುಮ್ನೆ ಒಲೆಯ ಮೇಲೆ ಬಿಟ್ಟರೆ ಕೆನೆ ಕಟ್ಟುತ್ತದೆ, ಆ ಕೆನೆ ಒಂದು ಚೂರು ಬಿದ್ದರೂ ನೊರೆ ಒಡೆಯುತ್ತದೆ. ಕೆನೆ ಕಟ್ಟಿದ್ದರೆ ಸೋಸಿಯೇ ಹಾಕಿ. 3 ಪರ್ಸೆಂಟ್ ಕೊಬ್ಬಿನ ಟೋನ್ಡ್ ಹಾಲಿನಲ್ಲಿ ನೊರೆ ಚೆನ್ನಾಗಿ ಏಳುತ್ತದೆ, ಆದರೆ ಕಾಫಿ ನೀರು ನೀರು. 6 ಪರ್ಸೆಂಟ್‌ದು ಬಾಯಿಗೆ ಸೊಗಸು. ನಾನು ಅದಕ್ಕೆ ನೀರು ಬೆರೆಸದೆ ಬಳಸುತ್ತೇನೆ.

ಹೊಯ್ಯುವಾಗ ಕೆಳಗಿನ ಲೋಟವನ್ನು ಸ್ವಲ್ಪ ಓರೆ ಹಿಡಿಯಬೇಕು. ಮೇಲಿನದನ್ನು ಹತ್ತಿರದಿಂದಲೇ ಬಗ್ಗಿಸಿ, ಧಾರೆ ಬಂದ ಮೇಲೆ ಎತ್ತುತ್ತಾ ಹೋಗಬೇಕು, ಮೊದಲೇ ಎತ್ತಿ ಹಿಡಿದು ಬಗ್ಗಿಸಿದರೆ ಕೈಮೇಲೆ ಬೀಳುತ್ತದೆ. ಒಂದು ಒಂದೂವರೆ ಅಡಿ ಎತ್ತರ ಸಾಕು. ಧಾರೆ ಪೆನ್ಸಿಲ್‌ನಷ್ಟು ಸಣ್ಣಗೆ, ಮುರಿಯದ ಹಾಗೆ ಇರಬೇಕು. ಆ ಧಾರೆಯೇ ಗಾಳಿಯನ್ನು ಎಳೆದುಕೊಂಡು ಒಳಗೆ ಹೋಗುವುದು. ದಪ್ಪಗೆ ಸುರಿದರೆ ಸದ್ದು ಜಾಸ್ತಿ, ಬರುವುದು ದೊಡ್ಡ ದೊಡ್ಡ ಗುಳ್ಳೆ, ಒಂದು ನಿಮಿಷ ಕೂಡ ನಿಲ್ಲುವುದಿಲ್ಲ. ಮೂರು ಸಲ, ಹೆಚ್ಚೆಂದರೆ ನಾಲ್ಕು ಸಲ. ಐದನೆಯದಕ್ಕೆ ನೊರೆ ಜಾಸ್ತಿ ಆಗುವುದಿಲ್ಲ, ಬಿಸಿ ಮಾತ್ರ ಹೋಗುತ್ತದೆ. ಕೊನೆಯ ಸಲ ಲೋಟದಲ್ಲಿ ಎರಡು ಚಮಚದಷ್ಟು ಕಾಫಿ ಉಳಿಸಿಕೊಂಡು, ಅದನ್ನು ಹತ್ತಿರದಿಂದ ಮೆಲ್ಲಗೆ ಮೇಲೆ ಬಿಟ್ಟರೆ ಲೋಟಕ್ಕೆ ಅಂಟಿದ ಸಣ್ಣ ನೊರೆಯೂ ಇಳಿದು ಬರುತ್ತದೆ. ಬಿಸಿ ಲೋಟವನ್ನು ಮಡಚಿದ ಅಂಚಲ್ಲೇ ಹಿಡಿಯಿರಿ.

ಎರಡನೇ ಡಿಕಾಕ್ಷನ್ ಈಗಲೂ ಇಳಿಸುತ್ತೇನೆ, ಬೇರೆ ಲೋಟಕ್ಕೆ. ನಮ್ಮ ಯಜಮಾನರು ರಾತ್ರಿ ಊಟದ ಮುಂಚೆ ಅದನ್ನೇ ಅರ್ಧಕ್ಕರ್ಧ ಹಾಲು ಹಾಕಿ ಕುಡಿಯುತ್ತಾರೆ. ಅದಕ್ಕೆ ನೊರೆ ಬರಿಸಲು ಹೋಗುವುದಿಲ್ಲ.

ಫಿಲ್ಟರ್ ಸೋರಿಲ್ಲ, ತೂತು ದೊಡ್ಡದಾಗಿಲ್ಲ, ಮುಚ್ಚಳ ಮಾತ್ರ ಸ್ವಲ್ಪ ಸಡಿಲ. ಕೊಳ್ಳುವವರಿಗೆ ಒಂದು ಮಾತು: ಡಬ್ಬದ ಮೇಲೆ ಬರೆದ ಕಪ್ ಲೆಕ್ಕದಲ್ಲಿ ಅರ್ಧ ಅಂತ ಹಿಡಿಯಿರಿ. ಹಾಗಂತ ಇಬ್ಬರೇ ಇರುವ ಮನೆಗೆ ದೊಡ್ಡದನ್ನು ತರಬೇಡಿ, ಅಗಲ ತಳದಲ್ಲಿ ಕಡಿಮೆ ಪುಡಿ ತೆಳ್ಳಗೆ ಹರಡಿ ನೀರು ಸರ್ರನೆ ಇಳಿದುಬಿಡುತ್ತದೆ. ನೆಂಟರು ಬಂದರೆ ಅಂತ ನಾನು ಇದೇ ಅಳತೆಯದ್ದು ಇನ್ನೊಂದು ತಂದಿಟ್ಟಿದ್ದೇನೆ, ಎರಡನ್ನೂ ಒಟ್ಟಿಗೆ ಇಳಿಸಿದರೆ ಸರಿಯಾಗಿ ಆರು ಲೋಟ.