ಇಟಲಿಯ ಬ್ಯಾಲೆನ್ಸ್ ಶೀಟ್ ಇಂಗ್ಲಿಷಿಗೆ: ನಿಘಂಟು, ಐಎಫ್‌ಆರ್‌ಎಸ್ ಪದಕೋಶ, ಯುರೋಪಿನ ನಿರ್ದೇಶನ — ಮೂರರ ಹೋಲಿಕೆ

ಇಟಲಿಯಿಂದ ಯಂತ್ರ ತರಿಸುವ ಬೆಂಗಳೂರಿನ ಕಾರ್ಖಾನೆಗಳು ದೊಡ್ಡ ಮುಂಗಡ ಕೊಡುವ ಮೊದಲು ಆ ಕಂಪನಿಯ ಲೆಕ್ಕಪತ್ರವನ್ನು ನೋಡಲು ಬಯಸುತ್ತವೆ, ಮತ್ತು ಅದನ್ನು ಇಂಗ್ಲಿಷಿಗೆ ತರುವ ಕೆಲಸ ಆಗಾಗ ನನ್ನ ಮೇಜಿಗೆ ಬರುತ್ತದೆ. ಇದಕ್ಕಾಗಿ ನಾನು ಮೂರು ಆಕರಗಳನ್ನು ಬಳಸಿದ್ದೇನೆ: ಬೆಲೆ ಕೊಟ್ಟು ಕೊಂಡ ಇಟಾಲಿಯನ್–ಇಂಗ್ಲಿಷ್ ವಾಣಿಜ್ಯ ನಿಘಂಟು, ಐಎಫ್‌ಆರ್‌ಎಸ್ ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳ ಇಟಾಲಿಯನ್ ಮತ್ತು ಇಂಗ್ಲಿಷ್ ಪಠ್ಯಗಳಿಂದ ಮಾಡಿಕೊಂಡ ಪದಕೋಶ, ಮತ್ತು ಯುರೋಪಿಯನ್ ಒಕ್ಕೂಟದ 2013/34/EU ಲೆಕ್ಕಪತ್ರ ನಿರ್ದೇಶನದ ದ್ವಿಭಾಷಾ ಪಠ್ಯ. ನನ್ನ ಒಲವು ಮೂರನೆಯದರ ಕಡೆಗಿದೆ. ಅದಕ್ಕೆ ಕಾಸು ಖರ್ಚಿಲ್ಲ ಎಂಬುದು ಒಂದು ಕಾರಣ. ಎರಡು ವರ್ಷಗಳ ನಡುವೆ ಹಂಚಿಕೆಯಾಗುವ ಆದಾಯ-ವೆಚ್ಚಗಳ ‘ರಾತೇಯಿ ಎ ರಿಸ್ಕೋಂತಿ’ ಎಂಬ ಒಂದೇ ಸಾಲಿನಲ್ಲಿ ಉಳಿದೆರಡೂ ನನ್ನನ್ನು ಕೈಬಿಟ್ಟವು ಎಂಬುದು ಇನ್ನೂ ದೊಡ್ಡ ಕಾರಣ.

ಷೇರುಪೇಟೆಯಲ್ಲಿ ನೋಂದಣಿಯಾಗದ ಇಟಾಲಿಯನ್ ಕಂಪನಿಯ ಬ್ಯಾಲೆನ್ಸ್ ಶೀಟಿನ ರೂಪವನ್ನು ಅಲ್ಲಿನ ನಾಗರಿಕ ಸಂಹಿತೆಯ 2424ನೇ ವಿಧಿಯೇ ಗೊತ್ತುಮಾಡಿದೆ. ಯಾವ ಸಾಲಿನ ನಂತರ ಯಾವ ಸಾಲು ಬರಬೇಕು, ಯಾವುದಕ್ಕೆ ಯಾವ ಅಕ್ಷರ, ಯಾವ ರೋಮನ್ ಅಂಕಿ ಎಂಬುದೆಲ್ಲ ಕಾನೂನಿನಲ್ಲೇ ಇದೆ. ಈ ರೂಪ ಯುರೋಪಿನ ನಿರ್ದೇಶನದಿಂದ ಇಳಿದು ಬಂದದ್ದು; 2013ರ ನಿರ್ದೇಶನವನ್ನು ಇಟಲಿ 2015ರ 139ನೇ ಶಾಸನಾತ್ಮಕ ಆಜ್ಞೆಯ ಮೂಲಕ ಅಳವಡಿಸಿಕೊಂಡು 2016ರ ಲೆಕ್ಕವರ್ಷದಿಂದ ಜಾರಿಗೆ ತಂದಿತು. ಆದ್ದರಿಂದ ಯೂರ್-ಲೆಕ್ಸ್ ಜಾಲತಾಣದಲ್ಲಿ 32013L0034 ಎಂಬ ಸಂಖ್ಯೆ ಕೊಟ್ಟು, ಬಹುಭಾಷಾ ನೋಟದಲ್ಲಿ ಇಟಾಲಿಯನ್ ಮತ್ತು ಇಂಗ್ಲಿಷ್ ಅಂಕಣಗಳನ್ನು ಅಕ್ಕಪಕ್ಕ ತೆರೆದು, ಮೂರನೇ ಅನುಬಂಧಕ್ಕೆ ಹೋದರೆ, ಅನುವಾದಿಸಬೇಕಾದ ಬಹುಪಾಲು ಶೀರ್ಷಿಕೆಗಳು ಎದುರುಬದುರಾಗಿ ನಿಂತಿರುತ್ತವೆ. ಎರಡೂ ಪಠ್ಯಗಳು ಸಮಾನವಾಗಿ ಅಧಿಕೃತ. ನಿಘಂಟಿನ ಸಂಪಾದಕನಿಗೆ ಈ ಅಧಿಕಾರವಿಲ್ಲ.

ಈಗ ಆ ಸಾಲಿಗೆ ಬರೋಣ. ‘ರಾತೇಯಿ ಎ ರಿಸ್ಕೋಂತಿ’ ಬ್ಯಾಲೆನ್ಸ್ ಶೀಟಿನ ಎರಡು ಬದಿಯಲ್ಲೂ ಬರುತ್ತದೆ: ಆಸ್ತಿಗಳ ಕಡೆ ಡಿ ಅಕ್ಷರದಡಿ, ಹೊಣೆಗಳ ಕಡೆ ಇ ಅಕ್ಷರದಡಿ. ನನ್ನ ನಿಘಂಟು ‘ರಿಸ್ಕೋಂತೊ’ ಪದಕ್ಕೆ ಮೊದಲ ಅರ್ಥವಾಗಿ ಹುಂಡಿಯ ‘ರೀಡಿಸ್ಕೌಂಟ್’ ಎಂದು ಕೊಡುತ್ತದೆ. ಬ್ಯಾಂಕಿನ ಕಾಗದದಲ್ಲಿ ಅದು ಸರಿ, ಇಲ್ಲಿ ಅದಕ್ಕೆ ಜಾಗವೇ ಇಲ್ಲ. ಎರಡನೇ ಅರ್ಥದಲ್ಲಿ ‘ಡಿಫರಲ್’ ಸಿಗುತ್ತದೆಯಾದರೂ ಯಾವ ಬದಿಯಲ್ಲಿ ಏನನ್ನು ಮುಂದಕ್ಕೆ ಹಾಕಲಾಗಿದೆ ಎಂಬ ಸುಳಿವಿಲ್ಲ. ನಿರ್ದೇಶನದಲ್ಲಿ ಇಟಾಲಿಯನ್ ಅಂಕಣ ಎರಡು ಕಡೆಯೂ ಒಂದೇ ಶೀರ್ಷಿಕೆಯನ್ನು ಹೇಳಿದರೆ, ಇಂಗ್ಲಿಷ್ ಅಂಕಣ ಆಸ್ತಿಗಳ ಕಡೆ ‘ಪ್ರೀಪೇಮೆಂಟ್ಸ್ ಅಂಡ್ ಅಕ್ರೂಡ್ ಇನ್‌ಕಮ್’ ಎಂದೂ ಹೊಣೆಗಳ ಕಡೆ ‘ಅಕ್ರೂಯಲ್ಸ್ ಅಂಡ್ ಡಿಫರ್ಡ್ ಇನ್‌ಕಮ್’ ಎಂದೂ ಬೇರ್ಪಡಿಸುತ್ತದೆ. ಅಂದರೆ ಇಟಲಿಯವರ ಒಂದು ಸಾಲಿನೊಳಗೆ ನಾಲ್ಕು ಸಂಗತಿಗಳಿವೆ: ಸಂದಾಯವಾಗದಿದ್ದರೂ ಈ ವರ್ಷಕ್ಕೆ ಸೇರಿದ ಆದಾಯ, ಮುಂದಿನ ವರ್ಷಕ್ಕಾಗಿ ಈಗಲೇ ಕೊಟ್ಟ ವೆಚ್ಚ, ಇನ್ನೂ ಕೊಡದಿದ್ದರೂ ಈ ವರ್ಷಕ್ಕೆ ಸೇರಿದ ವೆಚ್ಚ, ಮತ್ತು ಮುಂದಿನ ವರ್ಷಗಳಿಗೆ ಸೇರಿದ್ದರೂ ಈಗಲೇ ದಾಖಲಾದ ಆದಾಯ.

ಕೊನೆಯ ಎರಡನ್ನು ಬೇರ್ಪಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ದುಂಡು ಅಂಕಿಗಳ ಒಂದು ಉದಾಹರಣೆಯಲ್ಲಿ ನೋಡಬಹುದು. ಒಂದು ಕಂಪನಿ 2022ರ ಆರಂಭದಲ್ಲಿ 8,00,000 ಯೂರೊ ಬೆಲೆಯ ಗಣಕನಿಯಂತ್ರಿತ ಯಂತ್ರವನ್ನು ಕೊಂಡು ಬಳಕೆಗೆ ತಂದಿತು ಎನ್ನಿ. ‘ಇಂಡಸ್ಟ್ರಿ 4.0’ ಬಗೆಯ ಯಂತ್ರಗಳಿಗೆ ಆ ವರ್ಷ, 25 ಲಕ್ಷ ಯೂರೊ ತನಕದ ಹೂಡಿಕೆಯ ಮೇಲೆ, 40% ತೆರಿಗೆ ಜಮೆ ಸಿಗುತ್ತಿತ್ತು. ಹೀಗಾಗಿ ಕಂಪನಿಗೆ 3,20,000 ಯೂರೊ ದಕ್ಕಿತು. ಇಟಲಿಯ ಲೆಕ್ಕಪತ್ರ ಮಾನದಂಡ ಸಂಸ್ಥೆಯಾದ ಒಐಸಿಯ 16ನೇ ಮಾನದಂಡದ ಪ್ರಕಾರ ಇಂತಹ ನೆರವನ್ನು ಒಂದೇ ವರ್ಷದ ಆದಾಯವಾಗಿ ತೋರಿಸುವಂತಿಲ್ಲ: ಒಂದೋ ಯಂತ್ರದ ಬೆಲೆಯಿಂದ ಕಳೆಯಬೇಕು, ಇಲ್ಲವೇ ಹೊಣೆಗಳ ಕಡೆ ‘ರಿಸ್ಕೋಂತಿ ಪಸ್ಸೀವಿ’ ಎಂದು ನಿಲ್ಲಿಸಿ, ಯಂತ್ರದ ಸವಕಳಿಯ ಜೊತೆಜೊತೆಗೇ ವರ್ಷವರ್ಷವೂ ಆದಾಯಕ್ಕೆ ಇಳಿಸಬೇಕು. ಯಂತ್ರದ ಆಯುಸ್ಸು ಹತ್ತು ವರ್ಷವಾದರೆ ಮೊದಲ ವರ್ಷ 32,000 ಯೂರೊ ಆದಾಯಕ್ಕೆ ಹೋಗಿ, ವರ್ಷಾಂತ್ಯಕ್ಕೆ 2,88,000 ಉಳಿಯುತ್ತದೆ. ಇದೇ ಕಂಪನಿಗೆ 4% ಬಡ್ಡಿಯ 6,00,000 ಯೂರೊ ಸಾಲವಿದ್ದು, ಬಡ್ಡಿಯನ್ನು ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ ಕಟ್ಟಿದ್ದರೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ 6,000 ಯೂರೊ ‘ರಾತೇಯಿ ಪಸ್ಸೀವಿ’ ಆಗುತ್ತದೆ. ಎರಡೂ ಸೇರಿ ಇ ಸಾಲಿನಲ್ಲಿ ಕಾಣುವುದು 2,94,000, ಇಟಲಿಯವರ ಬರಹದಲ್ಲಿ 294.000. ಅಲ್ಲಿ ಸಾವಿರವನ್ನು ಬಿಂದುವಿನಿಂದಲೂ ದಶಾಂಶವನ್ನು ಅಲ್ಪವಿರಾಮದಿಂದಲೂ ಗುರುತಿಸುವುದರಿಂದ, ಅನುವಾದದಲ್ಲಿ ಅದನ್ನು ಬದಲಿಸದೆ ಬಿಟ್ಟರೆ ಇನ್ನೂರ ತೊಂಬತ್ತನಾಲ್ಕು ಎಂದು ಓದುವವರೂ ಇದ್ದಾರೆ.

ಈ ಮೊತ್ತವನ್ನು ‘ಅಕ್ರೂಡ್ ಲಯಬಿಲಿಟೀಸ್’ ಎಂಬ ಒಂದೇ ಸಾಲಿಗೆ ಇಳಿಸಿದರೆ ಓದುಗ ಅದನ್ನು ಸಾಲಕ್ಕೆ ಸೇರಿಸುತ್ತಾನೆ. ಕಂಪನಿಯ ಸ್ವಂತ ಬಂಡವಾಳ 5,00,000, ‘ದೇಬಿತಿ’ ಅಂದರೆ ಸಾಲಗಳ ಮೊತ್ತ 10,00,000 ಎಂದಿದ್ದರೆ, ಎರಡು ಪಟ್ಟು ಇದ್ದ ಸಾಲದ ಪ್ರಮಾಣ ಸುಮಾರು 2.6 ಪಟ್ಟಿಗೆ ಏರಿದಂತೆ ಕಾಣುತ್ತದೆ. ನಿಜವಾಗಿ ಯಾರಿಗಾದರೂ ಕೊಡಬೇಕಾದದ್ದು 6,000 ಯೂರೊ ಮಾತ್ರ, ಪ್ರಮಾಣ 2.01. ಉಳಿದ 2,88,000 ಯಾರ ಕೈಗೂ ಹೋಗುವ ಹಣವಲ್ಲ. ಷರತ್ತುಗಳನ್ನು ಕಂಪನಿ ಪಾಲಿಸುವವರೆಗೆ ಅದು ಮುಂದಿನ ಒಂಬತ್ತು ವರ್ಷಗಳ ಲಾಭ, ಅದರ ಮೇಲೆ ಆದಾಯ ತೆರಿಗೆಯೂ ಇಲ್ಲ. ಮುಂಗಡ ಕೊಡಬಹುದೇ ಎಂದು ಲೆಕ್ಕ ಹಾಕುತ್ತಿರುವ ಗ್ರಾಹಕನ ಕೈಗೆ ತಪ್ಪು ಪ್ರಮಾಣ ಕೊಟ್ಟು, ಪದ ನಿಘಂಟಿನಲ್ಲೇ ಇತ್ತು ಎಂದರೆ ಅವನು ಒಪ್ಪುತ್ತಾನೆಯೇ?

ಒಳಗೇನಿದೆ ಎಂದು ತಿಳಿಯುವ ದಾರಿ ಟಿಪ್ಪಣಿಗಳಲ್ಲಿದೆ. ಈ ಎರಡು ಸಾಲುಗಳಲ್ಲಿ ಏನೇನು ಸೇರಿದೆ ಎಂದು ‘ನೋತಾ ಇಂತೆಗ್ರಾತೀವಾ’ದಲ್ಲಿ ಬರೆಯಬೇಕೆಂದು ಸಂಹಿತೆಯ 2427ನೇ ವಿಧಿಯ 7ನೇ ಅಂಶ ಹೇಳುತ್ತದೆ. ಆದರೆ ಸಣ್ಣ ಕಂಪನಿಗಳ ಸಂಕ್ಷಿಪ್ತ ರೂಪಕ್ಕೆ ಈ ಕಡ್ಡಾಯವಿಲ್ಲ. ಅಷ್ಟೇ ಅಲ್ಲ, 2435-ಬಿಸ್ ವಿಧಿ ಅವುಗಳಿಗೆ ಇ ಸಾಲನ್ನು ತೆಗೆದು ‘ದೇಬಿತಿ’ಯೊಳಗೇ ಸೇರಿಸಿಬಿಡುವ ಸ್ವಾತಂತ್ರ್ಯ ಕೊಟ್ಟಿದೆ. ಆಗ ಸಾಲವೆಂದು ಬರೆದ ಮೊತ್ತದೊಳಗೇ ಸಾಲವಲ್ಲದ್ದು ಅಡಗಿರುತ್ತದೆ, ಯಾವ ಆಕರವೂ ಅದನ್ನು ಹೊರಗೆಳೆಯಲಾರದು. ಯಂತ್ರಗಳ ಮೇಲೆ ಇತ್ತೀಚೆಗೆ ದೊಡ್ಡ ಹೂಡಿಕೆ ಮಾಡಿದ ಸಣ್ಣ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಇ ಸಾಲು ಕಾಣೆಯಾಗಿದ್ದರೆ ನಾನು ಗ್ರಾಹಕರ ಮೂಲಕ ಆ ಕಂಪನಿಯ ಟ್ರಯಲ್ ಬ್ಯಾಲೆನ್ಸ್ ತರಿಸಿಕೊಳ್ಳುತ್ತೇನೆ, ಸಿಗದಿದ್ದರೆ ಅನುವಾದದ ಕೆಳಗೆ ಅನುವಾದಕರ ಟಿಪ್ಪಣಿ ಬರೆಯುತ್ತೇನೆ.

ಇನ್ನೊಂದು ಅಂಚು ಉಂಟು. ಇಂಗ್ಲಿಷ್ ಬಳಕೆಯಲ್ಲಿ ‘ಅಕ್ರೂಯಲ್ಸ್’ ಎಂದರೆ ಸರಕು ಬಂದಿದ್ದು ಬಿಲ್ಲು ಬಾರದ ಬಾಕಿಯೂ ಸೇರುತ್ತದೆ. ಇಟಲಿಯಲ್ಲಿ ‘ರಾತೇಯಿ’ ಎಂದರೆ ಕಾಲದ ಲೆಕ್ಕದಲ್ಲಿ ಎರಡು ವರ್ಷಗಳ ನಡುವೆ ಹಂಚಿಕೆಯಾಗುವ ಬಡ್ಡಿ, ಬಾಡಿಗೆಯಂಥವು ಮಾತ್ರ. ಬಾರದ ಬಿಲ್ಲುಗಳು ಸರಬರಾಜುದಾರರ ಬಾಕಿಯಲ್ಲಿ, ಅಂದರೆ ‘ದೇಬಿತಿ’ಯ 7ನೇ ಸಾಲಿನಲ್ಲಿ ಇರುತ್ತವೆ. ಪರಿಶೀಲಕರು ಅವನ್ನು ‘ಅಕ್ರೂಯಲ್ಸ್’ಗೆ ವರ್ಗಾಯಿಸಿ ಎಂದಾಗ ನಾನು ಒಪ್ಪುವುದಿಲ್ಲ. ಅನುವಾದಕನ ಕೆಲಸ ಲೆಕ್ಕವನ್ನು ಮರುಜೋಡಿಸುವುದಲ್ಲ.

ಐಎಫ್‌ಆರ್‌ಎಸ್ ಪದಕೋಶದ ತೊಂದರೆ ಬೇರೆಯದು. ಅದರ ಪದಗಳು ನಿಖರವಾಗಿವೆ, ಆದರೆ ಬೇರೊಂದು ಲೆಕ್ಕಪದ್ಧತಿಗೆ ನಿಖರವಾಗಿವೆ. ನೌಕರರು ಕೆಲಸ ಬಿಡುವಾಗ ಪಡೆಯುವ ‘ತ್ರತ್ತಮೆಂತೊ ದಿ ಫೀನೆ ರಪ್ಪೋರ್ತೊ’ ಎಂಬ ಬಾಕಿಯನ್ನೇ ನೋಡಿ. ಸಂಹಿತೆಯ 2120ನೇ ವಿಧಿಯ ಪ್ರಕಾರ ವಾರ್ಷಿಕ ಸಂಬಳವನ್ನು 13.5ರಿಂದ ಭಾಗಿಸಿ ಪ್ರತಿವರ್ಷ ಕೂಡಿಸುತ್ತಾರೆ, ಹಿಂದಿನ ಮೊತ್ತವನ್ನು 1.5% ಮತ್ತು ಬೆಲೆಯೇರಿಕೆಯ ಮುಕ್ಕಾಲು ಭಾಗದಷ್ಟು ಬೆಳೆಸುತ್ತಾರೆ. ಐಎಫ್‌ಆರ್‌ಎಸ್ ಪದಕೋಶ ಇದಕ್ಕೆ ‘ಡಿಫೈನ್ಡ್ ಬೆನಿಫಿಟ್ ಆಬ್ಲಿಗೇಶನ್’ ಎನ್ನುತ್ತದೆ. ಆ ಪದ ಬಳಸಿದರೆ ಯಾರೋ ಆಕ್ಚುಯರಿ ಇದನ್ನು ಇಂದಿನ ಮೌಲ್ಯಕ್ಕೆ ಇಳಿಸಿದ್ದಾರೆ ಎಂದು ಓದುಗ ತಿಳಿಯುತ್ತಾನೆ. ಸಂಹಿತೆಯ ಲೆಕ್ಕದಲ್ಲಿ ಅದು ನಡೆದೇ ಇಲ್ಲ. ನಮ್ಮ ಗ್ರಾಚ್ಯುಟಿ ಎಂದೂ ಬರೆಯುವಂತಿಲ್ಲ, ಏಕೆಂದರೆ ನಮ್ಮಲ್ಲಿ ಸಾಮಾನ್ಯವಾಗಿ ಅನ್ವಯಿಸುವ ಐದು ವರ್ಷದ ಸೇವೆಯ ನಿಯಮ ಅಲ್ಲಿಲ್ಲ. ತಾನಾಗಿಯೇ ರಾಜೀನಾಮೆ ಕೊಟ್ಟವನಿಗೂ ಅದು ಸಲ್ಲುತ್ತದೆ.

ಇಲ್ಲಿ ನಿರ್ದೇಶನವೂ ಸೋಲುತ್ತದೆ ಎಂಬುದನ್ನು ಹೇಳಲೇಬೇಕು. ಇದು ಇಟಲಿಯದೇ ಸಾಲು, ಅನುಬಂಧದಲ್ಲಿ ಪಿಂಚಣಿಯ ಪ್ರಾವಿಷನ್ ಇದೆಯೇ ಹೊರತು ಇದಿಲ್ಲ. ನಾನು ‘ಎಂಪ್ಲಾಯೀ ಸೆವೆರೆನ್ಸ್ ಇಂಡೆಮ್ನಿಟಿ’ ಎಂಬ ರೂಢಿಯ ಪದವನ್ನೇ ಬರೆದು, ಪಕ್ಕದಲ್ಲಿ ಟಿಎಫ್‌ಆರ್ ಎಂಬ ಮೂಲ ಸಂಕ್ಷೇಪವನ್ನು ಉಳಿಸುತ್ತೇನೆ.

‘ಫೋಂದೊ’ ಎಂದ ಕೂಡಲೇ ಫಂಡ್ ಎನ್ನುವ ಚಟವನ್ನು ನಿರ್ದೇಶನ ಒಂದೇ ಪದದಲ್ಲಿ ಬಿಡಿಸುತ್ತದೆ: ಹೊಣೆಗಳ ಕಡೆ ಅದು ‘ಪ್ರಾವಿಷನ್’, ಎಲ್ಲೂ ಕೂಡಿಟ್ಟ ಹಣವಲ್ಲ. ಟಿಪ್ಪಣಿಗಳಲ್ಲಿ ಅದೇ ಪದ ಸಂಚಿತ ಸವಕಳಿಗೂ ಬರುತ್ತದೆ. ‘ಬಿಲಾಂಚೊ’ ಇಡೀ ಲೆಕ್ಕಪತ್ರ, ಅದರೊಳಗಿನ ‘ಸ್ತಾತೊ ಪತ್ರಿಮೊನಿಯಾಲೆ’ ಮಾತ್ರ ಬ್ಯಾಲೆನ್ಸ್ ಶೀಟ್. ಇಷ್ಟಕ್ಕೆ ಮೂರು ಆಕರಗಳೂ ಸಾಕು.

ನಿರ್ದೇಶನದ ಇಂಗ್ಲಿಷ್ ಬ್ರಿಟಿಷ್ ಇಂಗ್ಲಿಷ್ ಎಂಬುದು ನನ್ನಂಥವರಿಗೆ ಚಿಕ್ಕ ಕಿರಿಕಿರಿ. ಅಲ್ಲಿ ದಾಸ್ತಾನು ‘ಸ್ಟಾಕ್ಸ್’, ಬಾಕಿದಾರರು ‘ಡೆಟರ್ಸ್’. ನಮ್ಮ 2013ರ ಕಂಪನಿ ಕಾಯಿದೆಯ ಮೂರನೇ ಅನುಸೂಚಿಗೆ ಒಗ್ಗಿಕೊಂಡ ಬೆಂಗಳೂರಿನ ಓದುಗರಿಗಾಗಿ ನಾನು ಅವನ್ನು ‘ಇನ್ವೆಂಟರೀಸ್’, ‘ರಿಸೀವಬಲ್ಸ್’ ಎಂದು ಬದಲಿಸುತ್ತೇನೆ. ಅಮೆರಿಕದ ಓದುಗನಿಗಂತೂ ‘ಸ್ಟಾಕ್ಸ್’ ಎಂದರೆ ಷೇರುಗಳೇ. ಅರ್ಥ ಕದಲದೆ ಪದ ಮಾತ್ರ ಬದಲಾಗುವುದರಿಂದ ಇದಕ್ಕೆ ಟಿಪ್ಪಣಿ ಬೇಕಿಲ್ಲ.

ನಾನು ಮೊದಲು ಟಿಪ್ಪಣಿಗಳನ್ನು ಓದಿ ಆಮೇಲೆ ಬ್ಯಾಲೆನ್ಸ್ ಶೀಟಿಗೆ ಬರುವವನು; ಆ ಅಭ್ಯಾಸಕ್ಕೆ ನಿರ್ದೇಶನದ ಎರಡು ಅಂಕಣಗಳೂ ಸಂಹಿತೆಯ ವಿಧಿಗಳೂ ಹೊಂದುತ್ತವೆ, ಜೇಬಿಗೂ ಹೊಂದುತ್ತವೆ. ಕೊಂಡ ನಿಘಂಟನ್ನು ಆಡಳಿತ ಮಂಡಳಿಯ ವರದಿಯ ಗದ್ಯಕ್ಕೆ ಬಳಸುತ್ತೇನೆ, ಅಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಐಎಫ್‌ಆರ್‌ಎಸ್ ಪದಕೋಶವನ್ನು ತೆರೆಯುವುದು ಕಂಪನಿ ಮಿಲಾನ್ ಷೇರುಪೇಟೆಯ ನಿಯಂತ್ರಿತ ಮಾರುಕಟ್ಟೆಯಲ್ಲಿ ನೋಂದಣಿಯಾಗಿದ್ದು, ಟಿಪ್ಪಣಿಗಳ ಮೊದಲ ಪುಟದಲ್ಲಿ ಆ ಮಾನದಂಡಗಳನ್ನೇ ಅನುಸರಿಸಿದ್ದೇವೆ ಎಂದು ಬರೆದಿದ್ದಾಗ ಮಾತ್ರ; ಆಗ ನಿರ್ದೇಶನದ ಅಂಕಣಗಳನ್ನು ಮುಚ್ಚಿಡುತ್ತೇನೆ.