ಟೈಮರ್ ತೋರಿಸಿ ಮಿಕ್ಸಿ ಮಾರಿದರು, ಕ್ಯಾಶ್‌ಬ್ಯಾಕ್ ಕೈಗೆ ಬರಲೇ ಇಲ್ಲ

ತುಮಕೂರಿನವರೇ, ಕ್ಯಾಶ್‌ಬ್ಯಾಕ್ ಆ್ಯಪ್ ನಂಬಿ ಏನಾದರೂ ಕೊಳ್ಳೋಕೆ ಹೊರಟಿದ್ದರೆ ಮೊದಲು ಇದನ್ನು ಓದಿ. ಹೋದದ್ದು ನಾನೂರು ರೂಪಾಯಿ. ಆದರೆ ಅವರು ಕೊಟ್ಟ ಉತ್ತರ ನೆನೆದರೆ ಈಗಲೂ ಮೈ ಉರಿಯುತ್ತದೆ.

ಮನೆಗೆ ಮಿಕ್ಸಿ ಬೇಕಿತ್ತು. ಆ್ಯಪ್‌ನಲ್ಲಿ 10% ಕ್ಯಾಶ್‌ಬ್ಯಾಕ್ ಅಂತ ಇತ್ತು, ಅಲ್ಲಿಂದಲೇ ಅಂಗಡಿಯ ಸೈಟಿಗೆ ಹೋದೆ. 8,500ಕ್ಕೆ ಗೀಟು ಎಳೆದು 4,720 ಅಂತ ಹಾಕಿದ್ದರು. ಕೆಂಪಕ್ಷರದಲ್ಲಿ ‘ಇನ್ನು 9 ನಿಮಿಷ’, ಕೆಳಗೆ ‘ಉಳಿದಿರುವುದು ಎರಡೇ’. ಬೆಲೆ ನಿಜವಾಗಿ ಇಳಿದಿದೆಯಾ ಅಂತ ನೋಡಲು ಬೆಲೆ ಟ್ರ್ಯಾಕ್ ಮಾಡುವ ಆ್ಯಪ್‌ಗೆ ಲಿಂಕ್ ಹಾಕಿದೆ. ಗ್ರಾಫ್ ತೆರೆಯುವಷ್ಟರಲ್ಲಿ ಸಮಯ ಮುಗಿಯುತ್ತಾ ಬಂದಿತ್ತು. ಅಲ್ಲೇ ‘ಈಗಲೇ ಕೊಳ್ಳಿ’ ಬಟನ್ ಇತ್ತು. ಒತ್ತಿ ದುಡ್ಡು ಕಟ್ಟಿದೆ.

ಬೆಳಿಗ್ಗೆ ನೋಡಿದರೆ ಅದೇ ಮಿಕ್ಸಿ, ಅದೇ 4,720. ಟೈಮರ್ ಮತ್ತೆ ಮೊದಲಿಂದ ಓಡುತ್ತಿದೆ! ಗ್ರಾಫ್ ನಿಧಾನವಾಗಿ ನೋಡಿದೆ. ಮೂರು ತಿಂಗಳಿಂದ ಬೆಲೆ ಅಲ್ಲೇ ನಿಂತಿದೆ, ನಡುವೆ ಒಮ್ಮೆ 4,300ಕ್ಕೂ ಇಳಿದಿದೆ. 8,500 ಅನ್ನೋದು ಆ ಗ್ರಾಫಿನಲ್ಲಿ ಎಲ್ಲೂ ಇಲ್ಲ. ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಅದೇ ಮಾಡೆಲ್‌ಗೆ 4,600 ಅಂದಾಗ ಹೆಂಡತಿ ಮುಂದೆ ನನಗೆ ಮಾತೇ ಹೊರಡಲಿಲ್ಲ.

ಸೈಟಿನವರಿಗೆ ಫೋನ್ ಮಾಡಿದೆ. ‘ಆಫರ್ ದಿನಾ ರಿನ್ಯೂ ಆಗುತ್ತೆ ಸರ್.’ ದಿನಾ ಇರೋ ಆಫರ್‌ಗೆ 9 ನಿಮಿಷದ ಗಡುವು ಯಾಕ್ರೀ? ‘ಸಿಸ್ಟಮ್‌ನಲ್ಲಿ ಹಾಗೇ ತೋರಿಸುತ್ತೆ ಸರ್.’ ಇಷ್ಟೇ. ಎಷ್ಟು ಸಲ ಕೇಳಿದರೂ ಇಷ್ಟೇ.

ಕ್ಯಾಶ್‌ಬ್ಯಾಕ್‌ನವರದು ಇನ್ನೊಂದು ರಾಗ. ‘ನಿಮ್ಮ ಕೊನೆಯ ಕ್ಲಿಕ್ ಬೇರೆ ಪಾರ್ಟ್ನರ್‌ದು, ನಮ್ಮಲ್ಲಿ ಟ್ರ್ಯಾಕ್ ಆಗಿಲ್ಲ.’ ವಿಷಯ ಏನೆಂದರೆ, ಗಿರಾಕಿ ಕಳಿಸಿದವರಿಗೆ ಅಂಗಡಿ ಕಮಿಷನ್ ಕೊಡುತ್ತದೆ. ಅದರಲ್ಲೇ ಒಂದು ಪಾಲು ನಮಗೆ ಕ್ಯಾಶ್‌ಬ್ಯಾಕ್ ಆಗಿ ಬರುವುದು. ಸಾಮಾನ್ಯವಾಗಿ ಕೊನೆಗೆ ಯಾರ ಲಿಂಕ್ ಒತ್ತಿದ್ದೇವೋ ಅವರಿಗೇ ಕಮಿಷನ್. ಟ್ರ್ಯಾಕರ್‌ನ ಆ ಬಟನ್ ಕೂಡ ಅಂಥದ್ದೇ ಲಿಂಕ್. ನನ್ನ ಕ್ಯಾಶ್‌ಬ್ಯಾಕ್ ಅಲ್ಲೇ ಹೋಯಿತು. ಇದನ್ನು ದೊಡ್ಡದಾಗಿ ಬರೆದು ಹಾಕೋಕೆ ಅವರಿಗೇನು ಕಷ್ಟ? ಮೇಲಾಗಿ, ‘ಬಂದಿದ್ದರೂ ಜಿಎಸ್‌ಟಿ ಬಿಟ್ಟು ಲೆಕ್ಕ ಸರ್’ ಅಂದರು. ಅಂದರೆ 4,000ಕ್ಕೆ ಹತ್ತು ಶೇಕಡಾ, 472 ಅಲ್ಲ, 400. ಅದೂ ರಿಟರ್ನ್ ಅವಧಿ ಮುಗಿದ ಮೇಲಷ್ಟೇ ಖಾತ್ರಿಯಂತೆ.

ದಯವಿಟ್ಟು ಗ್ರಾಫ್ ಹಿಂದಿನ ದಿನವೇ ನೋಡಿ, ನಿಮಗೆ ಬೇಕಾದ ಬೆಲೆಗೆ ಅಲರ್ಟ್ ಇಟ್ಟು ಆ ಆ್ಯಪ್ ಮುಚ್ಚಿಬಿಡಿ. ಕ್ಯಾಶ್‌ಬ್ಯಾಕ್ ಲಿಂಕ್ ಕೊನೆಗೆ ಒತ್ತಿ, ಖಾಲಿ ಕಾರ್ಟ್‌ನಿಂದ ಶುರು ಮಾಡಿ, ನಡುವೆ ಎಲ್ಲೂ ಹೋಗದೆ ದುಡ್ಡು ಕಟ್ಟಿ. ಬೇರೆ ಕಡೆಯ ಕೂಪನ್ ಹಾಕಿದರೂ ಕ್ಯಾಶ್‌ಬ್ಯಾಕ್ ತಿರಸ್ಕಾರ ಆಗಬಹುದು.

ಇಂಥ ಸುಳ್ಳು ಅವಸರ ಹುಟ್ಟಿಸುವುದನ್ನು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಎರಡು ದಿನದ ಟೈಮರ್ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನಿಮಗೂ ಹೀಗಾಗಿದ್ದರೆ ನೀವೂ ಕೊಡಿ.